ಟಾರ್ಗೆಟ್ ಮುಟ್ಟದ ಸೇಲ್ಸ್ ಹುಡುಗನಿಗೆ ಪಿಐಪಿ ಮಾಡೋದು ಹೇಗೆ: ದಾವಣಗೆರೆಯ ಒಂದು ಏರಿಯಾ, ಎಂಟು ವಾರದ ಲೆಕ್ಕ

ನಮ್ದು ದಾವಣಗೆರೆಲಿ ಡಿಸ್ಟ್ರಿಬ್ಯೂಷನ್. ಬಿಸ್ಕತ್ತು, ಸೋಪು, ಪೇಸ್ಟು, ಮಸಾಲೆ ಪ್ಯಾಕೆಟ್ಟು, ಅಂದ್ರೆ ಕಿರಾಣಿ ಅಂಗಡಿಗೆ ಹೋಗೋ ಮಾಲು. ಐದು ಜನ ಸೇಲ್ಸ್ ಹುಡುಗರಿದಾರೆ, ಅವರಲ್ಲಿ ಒಬ್ಬ ಆರು ಲಕ್ಷದ ಟಾರ್ಗೆಟ್‌ಗೆ ತಿಂಗಳು ತಿಂಗಳೂ ಮೂರೂವರೆ ಲಕ್ಷದ ಹತ್ರಕ್ಕೇ ನಿಂತ್ಕೊತಿದ್ದ. ನಮಗೆ ಮಾಲು ಕೊಡೋ ಕಂಪನಿ ಕಡೆಯವರು ಬಂದಾಗೆಲ್ಲ "ಅವನ್ನ ತೆಗೀರಿ, ಇಲ್ಲಾಂದ್ರೆ ಪಿಐಪಿಗೆ ಹಾಕ್ರಿ" ಅಂತಿದ್ರು. ಪಿಐಪಿ ಅಂದ್ರೆ ಪರ್ಫಾರ್ಮೆನ್ಸ್ ಇಂಪ್ರೂವ್‌ಮೆಂಟ್ ಪ್ಲಾನ್. ಸುಮಾರು ಕಡೆ ಇದು ಹೊರಗೆ ಕಳ್ಸೋ ಮುಂಚೆ ಕೊಡೋ ಕಾಗದ ಅಷ್ಟೇ ಆಗಿಬಿಟ್ಟಿದೆ. ನಿಮ್ಮ ತಲೇಲೂ ಅದೇ ಇದ್ರೆ, ಅಂದ್ರೆ ತೆಗಿಯೋದು ಅಂತ ಆಗಲೇ ಡಿಸೈಡ್ ಮಾಡಿದ್ರೆ, ದಯವಿಟ್ಟು ಈ ನಾಟಕ ಬೇಡ, ನೇರವಾಗಿ ಹೇಳಿ ನೋಟಿಸ್ ಕೊಟ್ಟು ಲೆಕ್ಕ ಚುಕ್ತಾ ಮಾಡಿ ಕಳಿಸಿ, ಎಂಟು ವಾರ ಅವನನ್ನೂ ಸಾಯಿಸೋದು ನೀವೂ ಸಾಯೋದು ಯಾಕೆ. ಉಳಿಸ್ಕೋಬೇಕು ಅನ್ನೋ ಮನಸ್ಸು ಇದ್ರೆ ಮಾತ್ರ ಮುಂದೆ ಓದಿ.

ಮೊದಲು ನೋಡ್ಬೇಕಾದ್ದು: ಇದು ಪಿಐಪಿ ಕೇಸಾ?

ಕಲೆಕ್ಷನ್ ದುಡ್ಡು ಕೈಯಲ್ಲಿ ಇಟ್ಕೊಳ್ಳೋದು, ಅಂಗಡಿಯವನಿಗೆ ಗೊತ್ತಿಲ್ಲದೆ ಬಿಲ್ ಹಾಕೋದು, ಸ್ಕೀಮ್ ಮಾಲು ಬೇರೆ ಕಡೆ ಮಾರ್ಕೊಳ್ಳೋದು, ಇವೆಲ್ಲ ತಪ್ಪುಗಳು. ಇವಕ್ಕೆ ಪಿಐಪಿ ಔಷಧಿ ಅಲ್ಲ, ವಿಚಾರಣೆ ಮಾಡ್ಬೇಕು, ದಾರಿನೇ ಬೇರೆ. ಅದಕ್ಕೆ ಶುರು ಮಾಡೋ ಮುಂಚೆ ಅಕೌಂಟೆಂಟ್ ಹತ್ರ ಕೂತು ಅವನ ಏರಿಯಾದ ಒಂದು ಇಪ್ಪತ್ತು ಅಂಗಡಿ ಬಾಕಿನ ಅಂಗಡಿಯವರ ಪುಸ್ತಕಕ್ಕೆ ತಾಳೆ ನೋಡಿ. ಜೊತೆಗೆ ತಿಂಗಳ ಕೊನೆ ಮೂರು ದಿನದ ಬಿಲ್‌ಗಳಲ್ಲಿ ಎಷ್ಟು ಮಾಲು ಮುಂದಿನ ತಿಂಗಳ ಮೊದಲ ವಾರದಲ್ಲಿ ವಾಪಸ್ ಬಂದಿದೆ ಅಂತನೂ ನೋಡಿ. ನಮ್ಮ ಹುಡುಗನ ಲೆಕ್ಕ ಎರಡರಲ್ಲೂ ಕ್ಲೀನ್ ಇತ್ತು. ದುಡ್ಡಿನ ವಿಷಯದಲ್ಲಿ ನೀಟು, ಬಿಸಿನೆಸ್ ಮಾತ್ರ ಇಲ್ಲ.

ಎರಡನೇದು: 'ಸೇಲ್ ಇಲ್ಲ' ಅನ್ನೋದನ್ನ ಒಡೆದು ನೋಡಿ

ತಿಂಗಳ ಸೇಲ್ ಅನ್ನೋ ಒಂದೇ ನಂಬರ್ ಇಟ್ಕೊಂಡು ಯಾರನ್ನೂ ಸರಿ ಮಾಡೋಕಾಗಲ್ಲ. ಅದು ಮೂರ್ನಾಲ್ಕು ನಂಬರ್ ಗುಣಿಸಿ ಬರೋದು: ದಿನಕ್ಕೆ ಎಷ್ಟು ಅಂಗಡಿಗೆ ಹೋದ, ಅದರಲ್ಲಿ ಎಷ್ಟು ಬಿಲ್ ಆಯ್ತು, ಒಂದೊಂದು ಬಿಲ್ ಎಷ್ಟು ರೂಪಾಯಿದು, ತಿಂಗಳಲ್ಲಿ ಎಷ್ಟು ದಿನ ಕೆಲಸ ಮಾಡಿದ. ನಮ್ಮಲ್ಲಿ ಒಬ್ಬೊಬ್ಬರಿಗೆ ಆರು ಬೀಟು, ಒಂದು ಬೀಟಿಗೆ 36 ಅಂಗಡಿ, ಸೋಮವಾರದಿಂದ ಶನಿವಾರ, ಅಂದ್ರೆ ಪ್ರತಿ ಅಂಗಡಿಗೆ ವಾರಕ್ಕೊಂದು ಸಲ. ನಾಲ್ಕು ವಾರಕ್ಕೆ 24 ದಿನ. ದಿನಕ್ಕೆ 18 ಬಿಲ್ಲು, ಬಿಲ್ಲಿಗೆ 1,400 ರೂಪಾಯಿ ಅಂತ ಹಿಡಿದ್ರೆ ಆರು ಲಕ್ಷ ಆಗುತ್ತೆ, ಟಾರ್ಗೆಟ್ ಹುಟ್ಟಿದ್ದು ಹಾಗೆ.

ಇವನ 12 ವಾರದ ಡೇಟಾ ತೆಗೆದ್ವಿ. ದಿನಕ್ಕೆ ಬಿಲ್ಲು 10. ಒಂದು ಬಿಲ್ಲಿನ ಸರಾಸರಿ 1,500. ಇಲ್ಲಿ ಸ್ವಲ್ಪ ನಿಂತು ಯೋಚನೆ ಮಾಡಿ. ಅವನ ಬಿಲ್ ಸೈಜು ಟಾರ್ಗೆಟ್‌ಗಿಂತ ಜಾಸ್ತಿನೇ ಇದೆ, ಅಂದ್ರೆ ಅಂಗಡಿ ಒಳಗೆ ಕಾಲಿಟ್ಟು ಮಾತಾಡಿದ್ರೆ ಮಾಲು ಕೊಟ್ಟೇ ಬರ್ತಾನೆ. ಇಂಥವನಿಗೆ ಸೇಲ್ಸ್ ಟ್ರೈನಿಂಗ್ ಕೊಡಿಸೋದು ಅಂದ್ರೆ ಈಜು ಬರೋನಿಗೆ ಈಜು ಹೇಳ್ಕೊಟ್ಟ ಹಾಗೆ. ತೊಂದರೆ ಇರೋದು ಬಿಲ್ಲಿನ ಸಂಖ್ಯೆಲಿ. ಇದೇ ಉಲ್ಟಾ ಇದ್ದಿದ್ರೆ, ಅಂದ್ರೆ ಬಿಲ್ಲು 18 ಆಗಿ ಸೈಜು 800 ಇದ್ದಿದ್ರೆ, ಆಗ ಪ್ಲಾನೇ ಬೇರೆ ಆಗ್ತಿತ್ತು, ಹೆಚ್ಚು ಐಟಮ್ ಮಾರೋದು ಹೇಗೆ ಅಂತ ಕಲಿಸ್ಬೇಕಿತ್ತು.

ಇನ್ನೊಂದು ಕೆಟ್ಟದ್ದೂ ಸಿಕ್ತು. ಆ್ಯಪ್‌ನಲ್ಲಿ ದಿನಾ 36 ಅಂಗಡಿಗೆ ಹೋದ ಹಾಗೇ ಇದೆ, ಆದ್ರೆ ಟೈಮ್ ನೋಡಿದ್ರೆ ಸಂಜೆ 4:52, 4:52, 4:53, 4:53, ಹೀಗೆ ಒಂಬತ್ತು ಅಂಗಡಿಗೆ ಸಾಲಾಗಿ 'ಅಂಗಡಿ ಮುಚ್ಚಿದೆ' ಅಂತ ಒತ್ತಿದಾನೆ. ಎಲ್ಲೋ ಟೀ ಅಂಗಡಿಲಿ ಕೂತು ಒತ್ತಿರೋದು. ನಿಜವಾದ ವಿಸಿಟ್ಟು 27. ಇದನ್ನೇ ದೊಡ್ಡ ಕಳ್ಳತನ ಅಂತ ಹಿಡ್ಕೊಳ್ಳೋರು ಇದಾರೆ, ನಾನು ಹಿಡ್ಕೊಳ್ಳಲಿಲ್ಲ. 36 ಒತ್ತದೇ ಇದ್ರೆ ನಾವು ಸಂಜೆ ಫೋನ್ ಮಾಡಿ ಬೈತಿದ್ವಿ, ಅವನು ಬೈಗುಳ ತಪ್ಪಿಸ್ಕೊಳ್ಳೋಕೆ ಒತ್ತಿದಾನೆ. ಆದ್ರೆ ಪ್ಲಾನ್ ಶುರುವಾದ ದಿನದಿಂದ ಇದು ನಿಲ್ಬೇಕು ಅಂತ ಬರವಣಿಗೆಲಿ ಹಾಕಿದ್ವಿ.

ಈಗ ಇಡೀ ಮಾರ್ಗದರ್ಶಿಲಿ ನನಗೆ ಅತಿ ಮುಖ್ಯ ಅನ್ಸಿದ ಕೆಲಸ. 216 ಅಂಗಡಿಗಳಲ್ಲಿ 12 ವಾರದಲ್ಲಿ ಒಂದೂ ಬಿಲ್ ಆಗದ ಅಂಗಡಿ ಯಾವುವು ಅಂತ ಪಟ್ಟಿ ಮಾಡಿ. ನಮಗೆ 71 ಬಂತು. ಒಂದೊಂದರ ಮುಂದೆನೂ ಕಾರಣ ಬರೀಬೇಕು, ಮತ್ತೆ ಅದನ್ನ ಆಫೀಸಲ್ಲಿ ಕೂತು ಬರಿಯೋ ಹಾಗಿಲ್ಲ.

ಮೂರನೇದು: ಎರಡು ದಿನ ಅವನ ಗಾಡಿ ಹಿಂದೆ ಕೂತ್ಕೊಳ್ಳಿ

ಒಂದು ದಿನ ಸಿಟಿ ಬೀಟು, ಒಂದು ದಿನ ಹಳ್ಳಿ ಕಡೆ. ಹೋದಾಗ ನೀವು ಮಾರೋಕೆ ಹೋಗ್ಬೇಡಿ, ಸುಮ್ನೆ ನಿಂತು ನೋಡಿ. ಓನರ್ ಬಂದಿದಾರೆ ಅಂತ ಅಂಗಡಿಯವರು ಆರ್ಡರ್ ಕೊಟ್ಟುಬಿಡ್ತಾರೆ, ಆಮೇಲೆ ನಿಮಗೆ "ನಾನು ಹೋದ್ರೆ ಆಗುತ್ತಲ್ಲ, ಇವನಿಗೇನು ರೋಗ" ಅನ್ಸುತ್ತೆ, ಅದು ಮೋಸದ ಲೆಕ್ಕ.

ನಾನು ಜಗಳೂರು ಕಡೆ ಬೀಟಿಗೆ ಹೋದೆ. ಮೂರನೇ ಅಂಗಡಿಲೇ ಯಜಮಾನರು ಇವನ ಮುಖ ನೋಡಿ ತಲೆ ಎತ್ತಲಿಲ್ಲ. ನಾನು ನಮಸ್ಕಾರ ಅಂದೆ. ಒಳಗಿಂದ ಒಂದು ರಟ್ಟಿನ ಡಬ್ಬಿ ತಂದು ಕೌಂಟರ್ ಮೇಲೆ ಸುರಿದ್ರು, ಡೇಟ್ ಮುಗಿದ ಬಿಸ್ಕತ್ತು, ಇಲಿ ಕಡಿದ ಸೋಪು. "ಅಲ್ರೀ, ಇದನ್ನ ಐದು ತಿಂಗ್ಳಿಂದ ಇಟ್ಕಂಡು ಕುಂತೀನಿ. ನಿಮ್ ಹುಡುಗ ಬಂದಾಗೆಲ್ಲ ಮುಂದಿನ ವಾರ ಮುಂದಿನ ವಾರ ಅಂತಾನೆ. ಮೊದ್ಲು ಇದ್ರ ದುಡ್ಡು ಕೊಡ್ರಿ, ಆಮೇಲೆ ಮಾಲಿನ ಮಾತು." ಹುಡುಗ ನೆಲ ನೋಡ್ತಾ ನಿಂತಿದ್ದ. ಆ ಕ್ಲೈಮ್ ಅವನು ಬರ್ಕೊಂಡು ಬಂದು ನಮ್ಮ ಆಫೀಸಿಗೆ ಕೊಟ್ಟಿದ್ದ, ನಮ್ಮ ಗೋಡೌನ್ ಫೈಲಲ್ಲೇ ಕೂತಿತ್ತು.

ಮುಂದಿನ ಊರಲ್ಲಿ ಸಂತೆ. ಅಂಗಡಿ ತುಂಬ ಜನ, ಗಿರಾಕಿ ಬಿಟ್ಟು ಸೇಲ್ಸ್‌ನವನ ಹತ್ರ ಮಾತಾಡೋಕೆ ಯಾರಿಗೆ ಪುರುಸೊತ್ತು? ಸಂತೆ ಹಿಂದಿನ ದಿನ ಹೋದ್ರೆ ಅದೇ ಅಂಗಡಿಯವರು ಸ್ಟಾಕ್ ತುಂಬಿಸ್ಕೊಳ್ಳೋಕೆ ಕಾಯ್ತಿರ್ತಾರೆ. ನಮ್ಮ ಬೀಟ್ ಪ್ಲಾನ್ ಮಾಡಿದವನು ಕಂಪ್ಯೂಟರ್ ಮುಂದೆ ಕೂತು ಮಾಡಿದ್ದ. ಆ ಪುಣ್ಯಾತ್ಮ ನಾನೇ.

ಹೀಗೆ 71 ಅಂಗಡಿ ಹಂಚಿಕೆ ಕೊನೆಗೆ ಹೀಗಾಯ್ತು: 9 ಅಂಗಡಿ ಶಾಶ್ವತವಾಗಿ ಮುಚ್ಚಿವೆ, 28 ಕಡೆ ಡ್ಯಾಮೇಜ್ ಕ್ಲೈಮ್ ಬಾಕಿ, 14 ಕಡೆ ಹಳೇ ಉದ್ರಿ ಇದ್ದು ನಮ್ಮ ಸಿಸ್ಟಮ್ಮೇ ಬಿಲ್ ತಡೆ ಹಿಡಿದಿದೆ, ಉಳಿದ 20 ಅಂಗಡಿಗೆ ಅವನು ಹೋಗೇ ಇಲ್ಲ. ಹೋಗದೇ ಇದ್ದಿದ್ದು ಅವನ ತಪ್ಪು, ಬೆಳಿಗ್ಗೆ ಮೊದಲ ಬಿಲ್ಲು ಹನ್ನೊಂದೂವರೆಗೆ ಆಗ್ತಿದ್ದದ್ದೂ ಅವನ ತಪ್ಪು. ಆದ್ರೆ 42 ಅಂಗಡಿ ಗಂಟು ಬಿಚ್ಚೋದು ಅವನ ಕೈಲಿರಲಿಲ್ಲ.

ನಾಲ್ಕನೇದು: ಎಷ್ಟಕ್ಕೆ ಪಾಸು ಅನ್ನೋದು

ಆರು ಲಕ್ಷ ಅಂತ ಬರೆದುಬಿಡೋದು ಸುಲಭ, ಆದ್ರೆ ನಮ್ಮ ಉಳಿದ ನಾಲ್ಕು ಜನರ ಸರಾಸರಿನೇ ದಿನಕ್ಕೆ 17 ಬಿಲ್ಲು. ಚೆನ್ನಾಗಿದಾನೆ ಅನ್ನಿಸ್ಕೊಂಡವನು 17ಕ್ಕೆ ಹಾಯಾಗಿರುವಾಗ ಬಿದ್ದವನಿಗೆ 18 ಎತ್ತು ಅಂದ್ರೆ ಅನ್ಯಾಯ. ಲೆಕ್ಕ ಕೆಳಗಿಂದ ಕಟ್ಟಿ. ಮುಚ್ಚಿದ 9 ಬಿಟ್ರೆ 62 ಅಂಗಡಿ. ಇವು ವಾರ ಬಿಟ್ಟು ವಾರ ಒಂದು ಬಿಲ್ ಕೊಟ್ರೂ ವಾರಕ್ಕೆ 31, ದಿನಕ್ಕೆ 5 ಬಿಲ್ಲು. ಈಗಿನ 10ಕ್ಕೆ ಸೇರಿಸಿದ್ರೆ 15. ಬೆಳಿಗ್ಗೆ ಒಂದು ಗಂಟೆ ಬೇಗ ಶುರು ಮಾಡಿದ್ರೆ ಇನ್ನೊಂದು. 16. ಇದೇ ನಮ್ಮ ಗೆರೆ, ಅವನಿಗೂ ಲೆಕ್ಕ ಹಾಕಿ ತೋರಿಸೋಕಾಗುತ್ತೆ.

ಹೊಸದಾಗಿ ಸೇರೋ ಅಂಗಡಿಗಳು ಸಣ್ಣವು ಇರ್ತಾವೆ, ಅದಕ್ಕೆ ಬಿಲ್ ಸೈಜು 1,500ರಿಂದ ಇಳಿಯುತ್ತೆ. 1,300ಕ್ಕಿಂತ ಕೆಳಗೆ ಹೋಗ್ಬಾರದು ಅಂತ ಇನ್ನೊಂದು ಗೆರೆ ಹಾಕಿ, ಇಲ್ಲಾಂದ್ರೆ ನೂರಿನ್ನೂರು ರೂಪಾಯಿ ಬಿಲ್ಲು ಹಾಕಿ ಸಂಖ್ಯೆ ತುಂಬಿಸ್ತಾರೆ.

ಎಂಟು ವಾರ ಯಾಕೆ ಅಂದ್ರೆ ನಮ್ಮ ಲೈನಲ್ಲಿ ಪ್ರತಿ ಅಂಗಡಿಗೆ ವಾರಕ್ಕೊಂದೇ ಭೇಟಿ. 30 ದಿನ ಕೊಟ್ರೆ ನಾಲ್ಕು ಭೇಟಿ, ಮುನಿಸ್ಕೊಂಡ ಯಜಮಾನ ನಾಲ್ಕು ಭೇಟಿಲಿ ಸರಿಹೋಗಲ್ಲ. ನೀವು ಟ್ರಾಕ್ಟರ್ ಶೋರೂಮೋ ಬೋರ್‌ವೆಲ್ ಮೋಟರ್ರೋ ಮಾರ್ತಿದ್ರೆ ಒಂದು ಡೀಲ್ ಕುದುರೋಕೇ ತಿಂಗಳಾನುಗಟ್ಟಲೆ ಬೇಕು, ಆಗ ಎಂಟು ವಾರನೂ ಸಾಲಲ್ಲ, ಡೀಲ್ ಬದ್ಲು ಎಷ್ಟು ರೈತರನ್ನ ನೋಡಿದ, ಎಷ್ಟು ಡೆಮೊ ಕೊಟ್ಟ ಅನ್ನೋದನ್ನ ಅಳೀಬೇಕು. ಇನ್ನೊಂದು, ದಸರಾ ದೀಪಾವಳಿ ಎಂಟು ವಾರದ ಒಳಗೆ ಬರೋ ಹಾಗೆ ಶುರು ಮಾಡ್ಬೇಡಿ. ಹಬ್ಬದಲ್ಲಿ ಯಾರು ಹೋದ್ರೂ ಬಿಲ್ ಆಗುತ್ತೆ, ಪಾಸಾದ್ನಾ ಹಬ್ಬ ಪಾಸ್ ಮಾಡಿಸ್ತಾ ಗೊತ್ತಾಗಲ್ಲ.

ಐದನೇದು: ಮಾತಾಡಿ, ಆಮೇಲೆ ಕಾಗದ

ಲೆಟರ್ ಕೈಗೆ ಕೊಟ್ಟು ಓದ್ಕೊ ಅನ್ಬೇಡಿ. ಶನಿವಾರ ಸಂಜೆ ಉಳಿದವರೆಲ್ಲ ಹೋದ್ಮೇಲೆ ಕೂರಿಸ್ಕೊಂಡೆ. "ನೋಡಪ್ಪ, ನಿನ್ನ ಕೆಲಸ ಈಗ ಗಟ್ಟಿ ಇಲ್ಲ, ಸುಳ್ಳು ಹೇಳಲ್ಲ. ಆದ್ರೆ ಇದರಲ್ಲಿ ಅರ್ಧ ನಮ್ಮ ಕಡೆದೂ ಇದೆ, ಅದನ್ನೂ ಬರೆದಿದೀನಿ." ಅವನು ಸುಮಾರು ಹೊತ್ತು ಸುಮ್ಮನಿದ್ದು "ಸಾರ್, ಕ್ಲೈಮ್ ಒಂದು ಮಾಡ್ಕೊಡಿ ಸಾರ್, ಆ ಅಂಗಡಿಗಳಿಗೆ ಹೋಗೋಕೆ ಮುಖ ಇಲ್ಲ ನಂಗೆ" ಅಂದ. ಬೆಳಿಗ್ಗೆ ಲೇಟು ಯಾಕೆ ಅಂತ ಕೇಳ್ದೆ. ಮೊದಲೆರಡು ಅಂಗಡಿಲೇ ಬೈಗುಳ ತಿಂದ್ರೆ ಇಡೀ ದಿನ ಕೆಟ್ಟುಹೋಗುತ್ತೆ ಅಂತ ಹೊರಡೋದನ್ನೇ ಮುಂದೂಡ್ತಿದ್ದನಂತೆ. ಇದನ್ನ ಡೇಟಾ ಹೇಳ್ತಿರ್ಲಿಲ್ಲ.

ಆಮೇಲೆ ಕಾಗದ, ಕನ್ನಡದಲ್ಲಿ, ಒಂದೇ ಹಾಳೆ. ಅವನಿಗೆ ಅರ್ಥ ಆಗದ ಭಾಷೇಲಿ ಸೈನ್ ಹಾಕಿಸ್ಕೊಂಡು ಏನು ಪ್ರಯೋಜನ. ನಮ್ಮದರ ಮುಖ್ಯ ಭಾಗ ಹೀಗಿತ್ತು:

> ಕಳೆದ 12 ವಾರಗಳಲ್ಲಿ ನಿಮ್ಮ ದಿನದ ಸರಾಸರಿ ಬಿಲ್ 10, ನಿಜವಾದ ಭೇಟಿ 27. ಎಂಟನೇ ವಾರದ ಕೊನೆಗೆ ಮುಟ್ಟಬೇಕಾದ್ದು: ದಿನಕ್ಕೆ 34 ಭೇಟಿ, 16 ಬಿಲ್, ಬಿಲ್ ಸರಾಸರಿ 1,300ಕ್ಕೆ ಕಡಿಮೆ ಇಲ್ಲದಂತೆ. ಕೊನೆಯ ಎರಡು ವಾರದ ಸರಾಸರಿ ಮಾತ್ರ ಲೆಕ್ಕಕ್ಕೆ. ಮೊದಲ ಬಿಲ್ ಬೆಳಿಗ್ಗೆ 10:30ರೊಳಗೆ. ಹೋಗದ ಅಂಗಡಿಗೆ ಭೇಟಿ ಒತ್ತುವಂತಿಲ್ಲ.
>
> ಸಂಸ್ಥೆ ಮಾಡಬೇಕಾದ್ದು: 28 ಅಂಗಡಿಯ ಕ್ಲೈಮ್ ಎರಡನೇ ಶನಿವಾರದೊಳಗೆ ಚುಕ್ತಾ. 14 ಅಂಗಡಿಯ ಹಳೇ ಬಾಕಿ ಮೂರು ಕಂತಿಗೆ ಒಡೆದು, ಅಲ್ಲಿಯವರೆಗೆ ನಗದು ಬಿಲ್‌ಗೆ ಅವಕಾಶ. ಸಂತೆ ಊರಿನ ಬೀಟ್ ಒಂದು ದಿನ ಹಿಂದಕ್ಕೆ. ಮೊದಲ ನಾಲ್ಕು ವಾರ ವಾರಕ್ಕೊಂದು ದಿನ ಮ್ಯಾನೇಜರ್ ಜೊತೆ ಬೀಟ್. ಸಂಸ್ಥೆ ತಡ ಮಾಡಿದರೆ ಅಷ್ಟು ದಿನ ಅವಧಿ ಮುಂದಕ್ಕೆ.

ಆ ಕೊನೆ ಸಾಲು ಬರಿಯೋಕೆ ಓನರ್‌ಗಳಿಗೆ ಕೈ ಬರಲ್ಲ, ಆದ್ರೆ ಅದಿಲ್ಲದಿದ್ರೆ 'ಸಪೋರ್ಟ್ ಕೊಡ್ತೀವಿ' ಅನ್ನೋದು ಬರೀ ಬಾಯಿ ಮಾತು. ಪಾಸಾಗದಿದ್ರೆ ಏನು ಅನ್ನೋದನ್ನೂ ಮುಚ್ಚಿಡದೆ ಬರೀರಿ: ಗೋಡೌನ್ ಅಥವಾ ಡೆಲಿವರಿ ಕಡೆ ಕೆಲಸ ಇದ್ರೆ ಅದು, ಇಲ್ಲಾಂದ್ರೆ ನೋಟಿಸ್ ಕೊಟ್ಟು ಬಿಡಿಸೋದು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ ಆರು ತಿಂಗಳು ಸತತವಾಗಿ ಕೆಲಸ ಮಾಡಿದವರನ್ನ ಸರಿಯಾದ ಕಾರಣ ಇಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಸಂಬಳ ಕೊಡದೆ ತೆಗೆಯೋ ಹಾಗಿಲ್ಲ. ಕಾರಣ ಇತ್ತು ಅಂತ ತೋರ್ಸೋಕೆ ನಿಮ್ಮ ಹತ್ರ ಇರೋದು ಈ ಹಾಳೆ ಮತ್ತೆ ವಾರದ ನೋಟ್ಸೇ. ಬಿಡಿಸೋ ಹಂತ ಬಂದ್ರೆ ಲೇಬರ್ ವಿಷಯ ಗೊತ್ತಿರೋ ವಕೀಲರಿಗೆ ಒಂದ್ಸಲ ತೋರಿಸಿ. ಪಿಐಪಿಲಿ ಇದಾನೆ ಅಂತ ಸಂಬಳ ಕಟ್ ಮಾಡೋದು, ಕಲೆಕ್ಷನ್ ಬಾಕಿನ ಅವನ ಸಂಬಳದಲ್ಲಿ ಹಿಡಿಯೋದು ಮಾತ್ರ ಮಾಡ್ಲೇಬೇಡಿ.

ಎಂಟು ವಾರ ಹೇಗೆ ಓಡಿಸೋದು

ಮೆಟ್ಟಿಲು ಹೀಗೆ ಇಟ್ವಿ: ಮೊದಲೆರಡು ವಾರ 11 ಬಿಲ್ಲು, ಮೂರು ನಾಲ್ಕನೇ ವಾರ 13, ಐದು ಆರಕ್ಕೆ 15, ಏಳು ಎಂಟಕ್ಕೆ 16. ಮೊದಲೆರಡು ವಾರ ಬರೀ ಒಂದೇ ಬಿಲ್ ಯಾಕೆ ಏರಿಸಿದ್ವಿ ಅಂದ್ರೆ ಆ ಎರಡು ವಾರ ಕೆಲಸ ಇದ್ದದ್ದು ನಮಗೆ. ಮುಚ್ಚಿದ 9 ಅಂಗಡಿ ತೆಗೆದು ಹೊಸ 9 ಹುಡುಕೋದು ಅವನಿಗೆ ಬಿಟ್ವಿ, ಆನಗೋಡು ಕಡೆ ಮಾಯಕೊಂಡ ಕಡೆ ಹೊಸ ಅಂಗಡಿಗಳು ಅವನಿಗೇ ಗೊತ್ತಿದ್ವು.

ವಾರದ ರಿವ್ಯೂ ಶನಿವಾರ ಸಂಜೆ, ಇಪ್ಪತ್ತು ನಿಮಿಷ, ಮೂರೇ ಪ್ರಶ್ನೆ. ನಂಬರ್ ಎಷ್ಟಾಯ್ತು? 62ರಲ್ಲಿ ಈ ವಾರ ಯಾವ ಅಂಗಡಿ ತೆರ್ಕೊಂಡ್ತು, ಯಾವುದು ಇಲ್ಲ? ನಮ್ಮ ಕಡೆಯಿಂದ ಏನು ಬಾಕಿ? ಮಾತಾಡಿದ್ದನ್ನ ನಾಲ್ಕು ಸಾಲು ಬರೆದು ಇಬ್ರೂ ಸೈನು, ಅವನಿಗೆ ವಾಟ್ಸಾಪಲ್ಲಿ ಒಂದು ಫೋಟೊ. ಗ್ರೂಪಲ್ಲಿ ಅಲ್ಲ ಮಾರಾಯ್ರೇ, ಅವನ ನಂಬರಿಗೆ ಮಾತ್ರ. ಸೇಲ್ಸ್ ಗ್ರೂಪಲ್ಲಿ ಅವನ ನಂಬರ್ ಕೆಂಪು ಬಣ್ಣ ಹಚ್ಚಿ ಹಾಕೋರನ್ನ ನೋಡಿದೀನಿ, ಅವತ್ತಿಂದ ಹುಡುಗ ಬೇರೆ ಕಡೆ ಕೆಲಸ ಹುಡ್ಕೋಕೆ ಶುರು ಮಾಡ್ತಾನೆ.

ಜೊತೆಲಿ ಬೀಟಿಗೆ ಹೋಗೋ ದಿನ ತೆರೆಯದ ಅಂಗಡಿಗಳನ್ನೇ ಆರಿಸ್ಕೊಳ್ಳಿ. ಕ್ಲೈಮ್ ದುಡ್ಡು ಕೊಡುವಾಗ ಆ ಕ್ರೆಡಿಟ್ ನೋಟು ಅವನ ಕೈಯಿಂದಲೇ ಕೊಡಿಸಿ. ನೀವು ಕೊಟ್ರೆ ಓನರ್ ಒಳ್ಳೆಯವನು ಹುಡುಗ ಸುಳ್ಳ ಅಂತ ಆಗುತ್ತೆ.

ನಮಗೆ ಕೆಟ್ಟದ್ದು ಮೂರನೇ ವಾರದಲ್ಲಿ. 28 ಅಂಗಡಿ ಕ್ಲೈಮು ಒಟ್ಟು 31,000 ರೂಪಾಯಿ ಅಷ್ಟೇ, ಆದ್ರೆ ಕಂಪನಿಯಿಂದ ಅಪ್ರೂವಲ್ ಬರಲಿಲ್ಲ. ಎರಡನೇ ಶನಿವಾರ ಹೋಯ್ತು, ಇವನು ಮತ್ತೆ "ಮುಂದಿನ ವಾರ" ಅಂತ ಹೇಳ್ಬೇಕಾಯ್ತು. ಬಿಲ್ಲು 12ಕ್ಕೆ ಏರಿದ್ದು 11ಕ್ಕೆ ಬಂತು. ಶನಿವಾರ ರಿವ್ಯೂಲಿ ಅವನು ಏನೂ ಅನ್ಲಿಲ್ಲ, ಹಾಳೆಲಿ ನಮ್ಮ ಕಡೆಯ ಮೊದಲ ಸಾಲಿನ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದ. ಸೋಮವಾರ ನಾವೇ ಕೈಯಿಂದ ಹಾಕಿ ಚುಕ್ತಾ ಮಾಡಿದ್ವಿ, ಅವಧಿ ಒಂದು ವಾರ ಮುಂದಕ್ಕೆ ಹಾಕಿ ಹಾಳೆ ಮೇಲೆ ಬರೆದು ಸೈನ್ ಮಾಡಿದೆ.

ನಡುವೆ ಸುಳ್ಳು ಏರಿಕೆ ಹಿಡಿಯೋದು ಹೇಗೆ ಅಂತ ಕೇಳಿದ್ರೆ, ಎರಡು ಕಡೆ ಕಣ್ಣಿಡಿ. ಒಂದೇ ಅಂಗಡಿಗೆ ಒಂದೇ ದಿನ ಎರಡು ಬಿಲ್ ಆಗಿದ್ಯಾ, ಮತ್ತೆ ಡೆಲಿವರಿ ಗಾಡಿಲಿ 'ಬೇಡ' ಅಂತ ವಾಪಸ್ ಬರೋ ಮಾಲು ಏರಿದ್ಯಾ. ಬಿಲ್ ಆದ ಮಾಲಲ್ಲ, ಅಂಗಡಿ ಒಳಗೆ ಇಳಿದ ಮಾಲು ಲೆಕ್ಕಕ್ಕೆ. ಡೆಲಿವರಿ ಹುಡುಗನನ್ನ ಕೇಳಿದ್ರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತೆ.

ಅರ್ಧ ದಾರಿಲಿ, ನಾಲ್ಕನೇ ವಾರಕ್ಕೆ, ಒಂದು ಸಲ ಖಡಕ್ಕಾಗಿ ನೋಡ್ಬೇಕು. ಭೇಟಿ ಏರಿದೆ, ಬಿಲ್ ಏರಿಲ್ಲ ಅಂದ್ರೆ ಅವನು ಶ್ರಮ ಪಡ್ತಿದಾನೆ, ನೀವು ಹಿಡಿದ ಕಾರಣ ತಪ್ಪು, ಮತ್ತೆ ಜೊತೆಲಿ ಹೋಗಿ. ನಿಮ್ಮ ಕಡೆದೆಲ್ಲ ಮುಗಿದಿದ್ರೂ ಭೇಟಿನೇ ಏರಿಲ್ಲ ಅಂದ್ರೆ ಎಂಟನೇ ವಾರಕ್ಕೆ ಕಾಯೋದ್ರಲ್ಲಿ ಅರ್ಥ ಇಲ್ಲ, ಅವತ್ತೇ ಕೂರಿಸಿ ಬಾಯಿಬಿಟ್ಟು ಕೇಳಿ, ಈ ಕೆಲಸ ಬೇಕಾ ಬೇಡ್ವಾ ಅಂತ. ಹಿಂದೆ ಒಬ್ಬನಿಗೆ ಹೀಗೆ ಕೇಳಿದಾಗ "ಬೇಡ ಸಾರ್, ಮಾವನ ಅಂಗಡಿಲಿ ಕೂರ್ತೀನಿ" ಅಂದ, ತಿಂಗಳ ಸಂಬಳ ಕೊಟ್ಟು ಕಳಿಸಿದ್ವಿ, ಈಗ ಅವನೇ ನಮ್ಮ ಗಿರಾಕಿ.

ಮುಗಿಸೋದು

ಇವನ ಕೊನೆ ಎರಡು ವಾರ, ಅಂದ್ರೆ ಎಂಟು ಮತ್ತೆ ಒಂಬತ್ತು, 94 ಮತ್ತು 99 ಬಿಲ್ಲು. 12 ದಿನಕ್ಕೆ 193, ದಿನಕ್ಕೆ 16ರ ಮೇಲೆ ಒಂದು ಚೂರು. ಬಿಲ್ ಸರಾಸರಿ 1,330. ನಾಲ್ಕು ವಾರಕ್ಕೆ ಹಿಡಿದ್ರೆ ಐದು ಲಕ್ಷ ಚಿಲ್ರೆ ಆಗುತ್ತೆ, ಆರು ಲಕ್ಷ ಅಲ್ಲ. ಕಂಪನಿ ಕಡೆಯವರು "ಇನ್ನೂ ಟಾರ್ಗೆಟ್ ಇಲ್ವಲ್ಲ, ಮುಂದುವರೆಸ್ರಿ" ಅಂದ್ರು. ಮುಂದುವರೆಸಲಿಲ್ಲ. ಗೆರೆ ಎಲ್ಲಿ ಅಂತ ಮೊದಲೇ ಬರೆದಾಗಿದೆ, ದಾಟಿದ ಮೇಲೆ ಗೆರೆ ಸರಿಸಿದ್ರೆ ಉಳಿದ ನಾಲ್ಕು ಜನನೂ ನೋಡ್ತಿರ್ತಾರೆ.

ಮುಗೀತು ಅಂತನೂ ಕಾಗದದಲ್ಲೇ ಕೊಡಿ. ಬಾಯಲ್ಲಿ "ಆಯ್ತು ಬಿಡು" ಅಂದ್ರೆ ಅವನ ತಲೆ ಮೇಲೆ ಕತ್ತಿ ತೂಗ್ತಾನೇ ಇರುತ್ತೆ. ನಮ್ಮದು ಎರಡು ಸಾಲು: ಇಂತಾ ದಿನಕ್ಕೆ ಪ್ಲಾನ್ ಮುಗಿದಿದೆ, ಮುಂದಿನ ಮೂರು ತಿಂಗಳು ತಿಂಗಳಿಗೊಂದು ಸಲ ಇದೇ ನಂಬರ್ ನೋಡ್ತೀವಿ, ಆಮೇಲೆ ಅದೂ ಇಲ್ಲ. ಅದನ್ನ ಕೊಟ್ಟ ದಿನ ಅವನು ಎರಡು ಸಲ ಓದಿ, ಮಡಚಿ, ಬಿಲ್ ಬುಕ್ ಕವರೊಳಗೆ ಇಟ್ಕೊಂಡ. ಆಮೇಲೆ "ಸಾರ್, ಮಾಯಕೊಂಡ ಬೀಟಲ್ಲಿ ಇನ್ನೂ ಮೂರು ಅಂಗಡಿ ಕ್ಲೈಮ್ ಬರೆದಿದೀನಿ, ಇವತ್ತೇ ಎಂಟ್ರಿ ಮಾಡಿಸ್ತೀರಾ" ಅಂತ ಚೀಟಿ ಮೇಜಿನ ಮೇಲಿಟ್ಟ.